ದೊಡ್ಡಮ್ಮನ ಅಂಗಾಲಿನ ಕಲೆ

ಚರ್ಮದ ಡಾಕ್ಟರ ಎದುರು ಕೂತವರ ಬಾಯಲ್ಲಿ ಮೊದಲು ಬರುವುದು ಸಾಮಾನ್ಯವಾಗಿ ಎರಡರಲ್ಲಿ ಒಂದು ಮಾತು. "ಏನೂ ಇಲ್ಲ ಡಾಕ್ಟ್ರೇ, ಸುಮ್ನೆ ಒಂದು ಮಚ್ಚೆ. ಮಗ ಹಟ ಹಿಡಿದು ಕರ್ಕೊಂಡು ಬಂದ." ಇಲ್ಲವೇ, "ಡಾಕ್ಟ್ರೇ, ಇದು ಕ್ಯಾನ್ಸರ್ ಅಲ್ವಾ?" ಶಿರಸಿಯ ಒಂದು ಚರ್ಮದ ಕ್ಲಿನಿಕ್ಕಿನಲ್ಲಿ ನಾನು ಬಹಳ ವರ್ಷ ನರ್ಸ್ ಆಗಿದ್ದೆ. ಈ ಎರಡು ಮಾತುಗಳನ್ನು ಎಷ್ಟು ಸಲ ಕೇಳಿದ್ದೇನೋ. ಒಂದು ಧೈರ್ಯದ್ದು, ಇನ್ನೊಂದು ಭಯದ್ದು. ಆದರೆ ಎರಡೂ ತೀರ್ಪುಗಳೇ. ಕಲೆ ಎಲ್ಲಿದೆ, ಎಷ್ಟು ದೊಡ್ಡದಿದೆ, ಯಾವ ಬಣ್ಣದ್ದು ಎಂಬುದು ಎರಡರಲ್ಲೂ ಇಲ್ಲ.

ಕ್ಯಾನ್ಸರ್ ಅನ್ನಬೇಡಿ, ಹೆದರಬೇಡಿ ಎಂದು ಎಲ್ಲರೂ ಹೇಳುತ್ತಾರೆ. 'ಏನೂ ಅಲ್ಲ' ಅನ್ನಬೇಡಿ ಎಂದು ಯಾರೂ ಹೇಳುವುದಿಲ್ಲ. ನನಗೆ ಹೆಚ್ಚು ಚಿಂತೆ ಈ ಎರಡನೆಯ ಮಾತಿನದ್ದೇ. ಹೆದರಿದವರು ಹೇಗೋ ಡಾಕ್ಟರ ಹತ್ತಿರ ಬಂದುಬಿಡುತ್ತಾರೆ. 'ಏನೂ ಅಲ್ಲ' ಅಂದುಕೊಂಡವರು ಮನೆಯಲ್ಲೇ ಉಳಿಯುತ್ತಾರೆ.

ಕಳೆದ ಅಡಿಕೆ ಸುಗ್ಗಿ ಮುಗಿಯುವ ಹೊತ್ತಿಗೆ ಸೊಸೆ ದೊಡ್ಡಮ್ಮನ ಕಾಲಿಗೆ ಎಣ್ಣೆ ತಿಕ್ಕುತ್ತಿದ್ದಳು. ಬಲ ಅಂಗಾಲಿನಲ್ಲಿ ಒಂದು ಕಪ್ಪು ಕಲೆ ಕಂಡು ನನಗೆ ಫೋನ್ ಮಾಡಿದಳು. ಹಿಂದಿನಿಂದ ದೊಡ್ಡಮ್ಮನ ದನಿ ಕೇಳುತ್ತಿತ್ತು. "ಎಂತದೂ ಅಲ್ಲ ಕೂಸೆ, ಚೊಗರು ತಾಗಿದ್ದು." ಅಡಿಕೆ ಬೇಯಿಸಿದ ಚೊಗರು ತಾಗಿದರೆ ಅಂಗೈ ಅಂಗಾಲು ವಾರಗಟ್ಟಲೆ ಕಂದಾಗಿರುತ್ತವೆ ಎಂಬುದು ನಮ್ಮ ಕಡೆಯ ಎಲ್ಲರಿಗೂ ಗೊತ್ತು. ಆ ಮಾತು ಸುಳ್ಳಾಗಿರಲೇಬೇಕು ಎಂದೇನಿಲ್ಲ. ಆದರೆ ಅದೂ ಒಂದು ತೀರ್ಪು.

ಅಂಗಾಲು ಎಂದ ಕೂಡಲೇ ನಾನು ಯಾಕೆ ಕಿವಿ ನಿಮಿರಿಸಿದೆ ಎಂಬುದನ್ನು ಹೇಳಬೇಕು. ಮಚ್ಚೆಯ ಹಾಗೆ ಕಾಣುವ ಕ್ಯಾನ್ಸರಿಗೆ ಮೆಲನೋಮಾ ಎನ್ನುತ್ತಾರೆ. ನಮ್ಮ ದೇಶದಲ್ಲಿ ಅದು ಅಪರೂಪ. ಬಿಳಿ ಚರ್ಮದವರಲ್ಲಿ ಅದು ಹೆಚ್ಚಾಗಿ ಬಿಸಿಲು ತಾಗುವ ಕಡೆ ಕಾಣುತ್ತದೆ. ನಮ್ಮಂಥ ಕಂದು ಚರ್ಮದವರಲ್ಲಿ ಬಂದಾಗ ಅದರ ದೊಡ್ಡ ಪಾಲು ಅಂಗಾಲು, ಅಂಗೈ, ಉಗುರಿನ ಬುಡದಲ್ಲಿ ಕಾಣುತ್ತದೆ. ಬಿಸಿಲಿಗೂ ಅದಕ್ಕೂ ಅಷ್ಟು ಸಂಬಂಧವಿಲ್ಲ. ನಾವು ದಿನವೂ ನೋಡದ ಜಾಗ ಅದು. ಹಾಗೆಂದು ಅಂಗಾಲಿನ ಕಪ್ಪೆಲ್ಲ ಅದೇ ಅಲ್ಲ. ಸಾದಾ ಮಚ್ಚೆ ಇರಬಹುದು. ನಡೆದು ಉಜ್ಜಿ ಚರ್ಮದೊಳಗೆ ರಕ್ತ ಇಂಗಿ ಕಪ್ಪಾಗಿರಬಹುದು. ಆಣಿಯ ಹಾಗೆ ಕಾಣುವ ನರುಳೆಯಲ್ಲಿ ಕಪ್ಪು ಚುಕ್ಕಿ ಬಂದಿರಬಹುದು. ಕಂದು ಕಲೆ ಮಾಡುವ ಒಂದು ಬಗೆಯ ಶಿಲೀಂಧ್ರವೂ ಇದೆ, ತೇವದ ಊರುಗಳಲ್ಲಿ ಕಾಣುತ್ತದೆ. ಇಷ್ಟನ್ನು ಬರಿಗಣ್ಣಲ್ಲಿ ಬೇರೆ ಮಾಡುವುದು ನನ್ನಿಂದಾಗದು. ಅಷ್ಟು ವರ್ಷ ನೋಡಿದ ಮೇಲೂ ಆಗದು. ಕಂಡದ್ದನ್ನು ಸರಿಯಾಗಿ ಬರೆಯುವುದು ಮಾತ್ರ ಆಗುತ್ತದೆ, ಮತ್ತು ಅದನ್ನು ಯಾರು ಬೇಕಾದರೂ ಮಾಡಬಹುದು.

ಒಂದು ಮಾತು ಮೊದಲೇ. ಕಲೆಯಿಂದ ತಾನಾಗಿ ರಕ್ತ ಬರುತ್ತಿದ್ದರೆ, ಹುಣ್ಣಾಗಿ ಮಾಯದೇ ಉಳಿದಿದ್ದರೆ, ಕಣ್ಣೆದುರೇ ದೊಡ್ಡದಾಗುತ್ತಿದ್ದರೆ, ಉಗುರಿನ ಕಪ್ಪು ಗೆರೆ ಅಗಲವಾಗುತ್ತಿದ್ದರೆ ಸ್ಕೇಲು ಹುಡುಕುತ್ತ ಕೂರಬೇಡಿ. ಸಿಕ್ಕ ಮೊದಲ ಬಸ್ಸಿಗೆ ಹೊರಡಿ. ಮುಂದೆ ಬರೆಯುವುದೆಲ್ಲ ಡಾಕ್ಟರ ಭೇಟಿಗೆ ನಾಲ್ಕೈದು ದಿನ ಇರುವವರಿಗೆ.

ನಾನು ಹೋದ ದಿನ ಅಳೆಯಲಿಲ್ಲ. ತೋಟದಿಂದ ಬಂದ ಕಾಲು ಅದು. ಮಣ್ಣು, ಚೊಗರು, ಹಿಮ್ಮಡಿಯ ಬಿರುಕಿಗೆ ಹಚ್ಚಿದ ಎಣ್ಣೆ ಎಲ್ಲ ಸೇರಿ ಇಡೀ ಅಂಗಾಲು ಕಂದಾಗಿತ್ತು. ಇಂಥ ಕಾಲಿನಲ್ಲಿ ಕಲೆಯ ಅಂಚು ಎಲ್ಲಿ ಮುಗಿಯುತ್ತದೆ, ಚೊಗರು ಎಲ್ಲಿ ಶುರುವಾಗುತ್ತದೆ ಎಂದು ಹೇಳುವುದು ಹೇಗೆ? ದಿನಾ ಸಂಜೆ ಸಾದಾ ಸಾಬೂನು, ಉಗುರು ಬೆಚ್ಚಗಿನ ನೀರು, ಮೆತ್ತನೆ ಬಟ್ಟೆ, ಇಷ್ಟೇ ಸಾಕು ಎಂದೆ. ಕಲ್ಲಿಗೆ ತಿಕ್ಕಬೇಡಿ, ಬ್ಲೇಡಿನಲ್ಲಿ ಕೆರೆಯಬೇಡಿ, ಲಿಂಬೆಹಣ್ಣು, ಸುಣ್ಣ ಏನೂ ಬೇಡ ಎಂದು ಗಟ್ಟಿಯಾಗಿ ಹೇಳಿದೆ. ಗಟ್ಟಿಯಾಗಿ ಹೇಳಲು ಕಾರಣವಿತ್ತು. ಕುಮಟಾ, ಅಂಕೋಲಾ ಕಡೆಯಿಂದ ಬರುತ್ತಿದ್ದ ಕೆಲವರು ಬಿರುಕಿಗೆ ಹಚ್ಚುವ ಗೇರೆಣ್ಣೆಯನ್ನು ಕಲೆಗೂ ಹಚ್ಚಿಕೊಂಡು ಬರುತ್ತಿದ್ದರು. ಗೇರುಸಿಪ್ಪೆಯ ಆ ಎಣ್ಣೆ ಚರ್ಮವನ್ನು ಸುಡುತ್ತದೆ. ಸುಟ್ಟ ಜಾಗ ಬೊಬ್ಬೆ ಬಂದು ಕಪ್ಪಾಗುತ್ತದೆ. ಆಮೇಲೆ ಮೊದಲಿದ್ದ ಕಲೆ ಯಾವುದು, ಸುಟ್ಟದ್ದು ಯಾವುದು ಎಂದು ಡಾಕ್ಟರಿಗೂ ಕಾಣುವುದಿಲ್ಲ. ಮತ್ತೆ ವಾರಗಟ್ಟಲೆ ಕಾಯಬೇಕು.

ಐದು ದಿನ ತೊಳೆದ ಮೇಲೆ ಸುತ್ತಲಿನ ಕಂದು ತಿಳಿಯಾಯಿತು. ಕಲೆ ಹಾಗೇ ಉಳಿಯಿತು. ದೊಡ್ಡಮ್ಮ ಹೇಳಿದ್ದರಲ್ಲಿ ಅರ್ಧ ನಿಜವಿತ್ತು, ಸುತ್ತ ಇದ್ದದ್ದು ಚೊಗರೇ. ನಡುವಿನದ್ದು ತೊಳೆದರೆ ಹೋಗಲಿಲ್ಲ. ಡಾಕ್ಟರಿಗೆ ಕೊಡುವ ಕಾಗದದಲ್ಲಿ ಇಷ್ಟನ್ನೇ ಬರೆದೆ. 'ತೊಳೆದರೆ ಹೋಗಲಿಲ್ಲ' ಎಂಬುದು ಕಂಡ ಸಂಗತಿ. 'ಆದ್ದರಿಂದ ಚೊಗರಲ್ಲ, ಮಚ್ಚೆ' ಎಂದು ಮುಂದುವರಿಸಿದ್ದರೆ ಅದು ನನ್ನ ಊಹೆಯಾಗುತ್ತಿತ್ತು. ಹಾಗಾಗಿ ಕಾಗದದುದ್ದಕ್ಕೂ 'ಕಲೆ' ಎಂದೇ ಬರೆದೆ.

ಅಳತೆಗೆ ಬೇಕಾದದ್ದು ಮೊಮ್ಮಗನ ಕಂಪಾಸ್ ಪೆಟ್ಟಿಗೆಯ ಪಾರದರ್ಶಕ ಸ್ಕೇಲು. ದರ್ಜಿಯ ಟೇಪು ಬೇಡ, ಅದು ಬಳಸಿ ಬಳಸಿ ಎಳೆದಿರುತ್ತದೆ. ಸ್ಕೇಲಿನಲ್ಲೂ ಸೊನ್ನೆಯ ಗೆರೆ ಎಲ್ಲಿದೆ ನೋಡಿ. ಅನೇಕ ಸ್ಕೇಲುಗಳಲ್ಲಿ ಅದು ತುದಿಯಿಂದ ನಾಲ್ಕೈದು ಮಿಲಿಮೀಟರ್ ಒಳಗಿರುತ್ತದೆ. ತುದಿಯಿಂದ ಅಳೆದರೆ ಚಿಕ್ಕ ಕಲೆಯ ಲೆಕ್ಕವೇ ಕೆಡುತ್ತದೆ. ಸ್ನಾನ ಮುಗಿದ ಕೂಡಲೇ ಅಳೆಯುವುದೂ ಸರಿಯಲ್ಲ. ನೀರಲ್ಲಿ ನೆನೆದ ಅಂಗಾಲು ಉಬ್ಬಿ, ಬೆಳ್ಳಗಾಗಿ, ಸುಕ್ಕುಗಟ್ಟಿರುತ್ತದೆ. ಮಳೆಗಾಲದಲ್ಲಿ ಗದ್ದೆಯಿಂದ ಬಂದವರ ಕಾಲು ನೋಡಿದರೆ ಗೊತ್ತಾಗುತ್ತದೆ. ಒರೆಸಿ ಅರ್ಧ ಗಂಟೆಯಾದರೂ ಆರಲು ಬಿಟ್ಟೆವು.

ದೊಡ್ಡಮ್ಮನನ್ನು ಜಗುಲಿಯಲ್ಲಿ ಕೂರಿಸಿ, ಕಾಲನ್ನು ಮಣೆಯ ಮೇಲೆ ಇಟ್ಟು, ಬೆರಳುಗಳನ್ನು ಸಡಿಲ ಬಿಡಲು ಹೇಳಿದೆ. ಬೆರಳು ಹಿಂದಕ್ಕೆ ಬಾಗಿಸಿದರೆ ಅಂಗಾಲಿನ ಚರ್ಮ ಎಳೆದು ಕಲೆ ಉದ್ದವಾಗಿ ಕಾಣುತ್ತದೆ. ಮುಂದಿನ ಸಲ ಅಳೆಯುವವರೂ ಕಾಲನ್ನು ಇದೇ ರೀತಿ ಇಡಬೇಕು, ಇಲ್ಲದಿದ್ದರೆ ಬೆಳೆಯದ ಕಲೆಯೂ ಬೆಳೆದಂತೆ ತೋರುತ್ತದೆ. ಸ್ಕೇಲನ್ನು ಒತ್ತದೆ ಸುಮ್ಮನೆ ಮೇಲಿಟ್ಟೆ. ಎಲ್ಲಿ ಅತಿ ಉದ್ದವೋ ಅಲ್ಲಿ ಒಂದು ಅಳತೆ, ಅದಕ್ಕೆ ಅಡ್ಡಲಾಗಿ ಎಲ್ಲಿ ಅತಿ ಅಗಲವೋ ಅಲ್ಲಿ ಇನ್ನೊಂದು. ಉದ್ದ 8, ಅಗಲ 5 ಮಿಲಿಮೀಟರ್. ಸ್ಕೇಲು ತೆಗೆದು ಮತ್ತೆ ಇಟ್ಟು ನೋಡಿದೆ, ಈ ಸಲ 7 ಮತ್ತು 8ರ ನಡುವೆ ಬಂತು. ಹಾಗೇ ಬರೆದೆ: 'ಸುಮಾರು 8 × 5, ಒಂದು ಮಿಲಿಮೀಟರ್ ಆಚೀಚೆ.' ಮನೆಯ ಸ್ಕೇಲಿಗೆ ಇದಕ್ಕಿಂತ ನಿಖರತೆ ಬರದು. 7.6 ಎಂದು ಬರೆದರೆ ನೋಡಲು ಚೆಂದ, ಆದರೆ ಅದು ಸುಳ್ಳು ನಿಖರತೆ.

ಕಲೆ 'ರೂಪಾಯಿ ನಾಣ್ಯದಷ್ಟಿದೆ' ಎಂದು ಜನ ಹೇಳುವುದನ್ನು ಕೇಳಿದ್ದೇನೆ. ಯಾವ ರೂಪಾಯಿ? 2011ರಲ್ಲಿ ಬಂದ ನಾಣ್ಯ ಸುಮಾರು 22 ಮಿಲಿಮೀಟರ್ ಅಗಲ, 2019ರದ್ದು 20. ಕಿಸೆಯಲ್ಲಿ ಎರಡೂ ಇರುತ್ತವೆ. 'ಕಡಲೆಯಷ್ಟು', 'ಉದ್ದಿನ ಕಾಳಷ್ಟು' ಎಂಬುದೂ ಹೀಗೆಯೇ. ಮಾತಿಗೆ ಸರಿ. ಮೂರು ತಿಂಗಳ ನಂತರ ಹೋಲಿಸಿ ನೋಡಲು ಸಾಲದು.

ಅಳತೆ ಯಾಕೆ ಬೇಕು ಎಂದು ಸೊಸೆ ಕೇಳಿದಳು. ಫೋನಿನಲ್ಲಿ ಎಲ್ಲೋ ಓದಿದ್ದಳಂತೆ, 6 ಮಿಲಿಮೀಟರ್ ದಾಟಿದರೆ ಅಪಾಯ ಎಂದು. ಅವಳ ಮುಖ ಬಿಳಿಚಿಕೊಂಡಿತ್ತು. ಆ 6ರ ಕತೆ ಇಷ್ಟು. 1985ರಲ್ಲಿ ನ್ಯೂಯಾರ್ಕಿನ ಚರ್ಮವೈದ್ಯರು ಅನುಮಾನದ ಮಚ್ಚೆಯನ್ನು ಬೇಗ ಗುರುತಿಸಲೆಂದು ನಾಲ್ಕು ಲಕ್ಷಣಗಳನ್ನು ಪಟ್ಟಿ ಮಾಡಿದರು. ಎರಡು ಬದಿ ಒಂದೇ ಥರ ಇಲ್ಲದಿರುವುದು, ಅಂಚು ಒರಟಾಗಿರುವುದು, ಬಣ್ಣ ಹಲವಿರುವುದು, ಅಗಲ 6 ಮಿಲಿಮೀಟರಿಗಿಂತ ಹೆಚ್ಚಿರುವುದು. 2004ರಲ್ಲಿ ಐದನೆಯದನ್ನು ಸೇರಿಸಿದರು, ಅದು ಬದಲಾವಣೆ. ಇವು ಡಾಕ್ಟರಿಗೆ ತೋರಿಸಲು ಕಾರಣಗಳು, ರೋಗಕ್ಕೆ ಸಾಕ್ಷಿಯಲ್ಲ. 6 ದಾಟಿದ ಸಾದಾ ಮಚ್ಚೆಗಳು ಬೇಕಾದಷ್ಟಿವೆ. 6ರ ಒಳಗೇ ಶುರುವಾದ ಕೆಟ್ಟ ಕಲೆಗಳೂ ಇವೆ. ಅಂಗಾಲಿನ ವಿಷಯದಲ್ಲಿ ಜಪಾನಿನ ಚರ್ಮವೈದ್ಯರು ಬೇರೆಯೇ ಕ್ರಮ ಹಾಕಿಕೊಟ್ಟಿದ್ದಾರೆ. ಅವರು ಮೊದಲು ಭೂತಗನ್ನಡಿಯಂಥ ಉಪಕರಣದಲ್ಲಿ ಕಲೆಯ ವಿನ್ಯಾಸ ನೋಡುತ್ತಾರೆ. ಅದು ಸ್ಪಷ್ಟವಾಗದಿದ್ದಾಗ ಮಾತ್ರ ಅಳತೆಯ ಮೊರೆ ಹೋಗುತ್ತಾರೆ, ಅಲ್ಲಿ ಗಡಿ 7 ಮಿಲಿಮೀಟರ್. ಅಂದರೆ ಸಂಖ್ಯೆ ಬೇಕು, ಆದರೆ ಅದರ ಅರ್ಥ ಉಳಿದದ್ದರ ಜೊತೆ ಸೇರಿದಾಗ ಮಾತ್ರ ತಿಳಿಯುತ್ತದೆ. ಸೊಸೆಗೆ ಅಷ್ಟೇ ಹೇಳಿದೆ. "ನಾವು 8 ಅಂತ ಬರೆಯೋಣ. 8 ಅಂದ್ರೆ ಏನು ಅಂತ ಅವರು ಹೇಳಲಿ."

ಅಂಚಿನ ಬಗ್ಗೆ ಬರೆಯುವುದು ಅಳತೆಗಿಂತ ಕಷ್ಟ. 'ಅಂಚು ಸರಿ ಇಲ್ಲ' ಎಂದು ಬರೆದರೆ ಅದು ವರ್ಣನೆಯ ವೇಷದ ತೀರ್ಪು. ನಾನು ಕ್ಲಿನಿಕ್ಕಿನಲ್ಲಿ ಕಲಿತದ್ದು ಗಡಿಯಾರದ ಲೆಕ್ಕ. ಅಂಗಾಲನ್ನು ಎದುರಿನಿಂದ ನೋಡಿ, ಬೆರಳುಗಳು ಮೇಲೆ, ಹಿಮ್ಮಡಿ ಕೆಳಗೆ. ಬೆರಳಿನ ದಿಕ್ಕು 12 ಗಂಟೆ, ಹಿಮ್ಮಡಿಯ ದಿಕ್ಕು 6 ಗಂಟೆ. ಈ ಗಡಿಯಾರವನ್ನು ಕಲೆಯ ಮೇಲೆ ಇಟ್ಟುಕೊಂಡು ಅಂಚಿನ ಮೇಲೆ ನಿಧಾನ ಕಣ್ಣಾಡಿಸಬೇಕು. ಪ್ರತಿ ಕಡೆಯೂ ಕೇಳಿಕೊಳ್ಳುವುದು ಒಂದೇ ಪ್ರಶ್ನೆ. ಇಲ್ಲಿ ಬಣ್ಣ ಗೆರೆ ಎಳೆದ ಹಾಗೆ ನಿಲ್ಲುತ್ತದೋ, ಮೆಲ್ಲಗೆ ಚರ್ಮದಲ್ಲಿ ಕರಗುತ್ತದೋ?

ದೊಡ್ಡಮ್ಮನ ಕಲೆಯಲ್ಲಿ 6 ಗಂಟೆಯಿಂದ 1 ಗಂಟೆಯವರೆಗೆ, ಅಂದರೆ ಇಡೀ ಎಡಬದಿ ಮತ್ತು ಮೇಲಿನ ತುದಿಯಲ್ಲಿ, ಅಂಚು ಸ್ಪಷ್ಟವಾಗಿತ್ತು. 1ರಿಂದ 4ರವರೆಗೆ ಬಣ್ಣ ಮೆಲ್ಲಗೆ ತಿಳಿಯಾಗುತ್ತ ಹೋಗಿ ಎಲ್ಲಿ ಮುಗಿಯಿತು ಎಂದು ಹೇಳಲಾಗುತ್ತಿರಲಿಲ್ಲ. 5ರ ಹತ್ತಿರ ಒಂದು ಸಣ್ಣ ಕಚ್ಚು. ಒಳಮುಖವಾಗಿ ಒಂದು ಮಿಲಿಮೀಟರಿನಷ್ಟು ಸರಿದಂತೆ. ಕಾಗದದ ಮೇಲೆ ಅಂಗೈಯಗಲ ಒಂದು ಚಿತ್ರ ಬರೆದು 12 ಮತ್ತು 6 ಗುರುತು ಮಾಡಿದೆ. ಸ್ಪಷ್ಟ ಅಂಚಿಗೆ ಒಂದೇ ಗೆರೆ, ಕರಗುವ ಕಡೆಗೆ ಚುಕ್ಕಿಚುಕ್ಕಿ. ಚಿತ್ರ ಚೆನ್ನಾಗಿರಬೇಕೆಂದಿಲ್ಲ. ಮಾತಿನಲ್ಲಿ ನಾಲ್ಕು ಸಾಲು ಬೇಕಾಗುವುದನ್ನು ಅದು ಒಂದು ನೋಟಕ್ಕೆ ಕೊಡುತ್ತದೆ.

ಅಂಚು ನೋಡುವಾಗಲೇ ಬೆರಳಿನಿಂದ ಮುಟ್ಟಿಯೂ ನೋಡಿದೆ. ಕಣ್ಣು ಮುಚ್ಚಿಕೊಂಡು ಸವರಿದರೆ ಕಲೆ ಎಲ್ಲಿದೆ ಎಂದು ಗೊತ್ತಾಗಲಿಲ್ಲ. ಅಂದರೆ ಉಬ್ಬಿಲ್ಲ, ಗಟ್ಟಿಯೂ ಇಲ್ಲ. ಅಂಗಾಲಿನ ಸಣ್ಣ ಗೆರೆಗಳು ಕಲೆಯ ಮೇಲೆ ತುಂಡಾಗದೆ ಹಾದುಹೋಗುತ್ತಿದ್ದವು. ಒತ್ತಿದಾಗ ನೋವಿಲ್ಲ ಎಂದಳು ದೊಡ್ಡಮ್ಮ. ಇವೂ ಕಾಗದ ಸೇರಿದವು.

ಇನ್ನು ಬಣ್ಣ. ಇಲ್ಲಿ ಬೆಳಕೇ ಅರ್ಧ ಕೆಲಸ. ನಮ್ಮ ಹಳೆಯ ಮನೆಗಳ ಒಳಗೆ ಹಗಲಲ್ಲೂ ಕತ್ತಲೆ. ಹಳದಿ ಬಲ್ಬಿನ ಕೆಳಗೆ ಕಂದು ಕೆಂಪಗೆ ಕಾಣುತ್ತದೆ, ಬಿಳಿ ಎಲ್‌ಇಡಿಯ ಕೆಳಗೆ ಅದೇ ಕಂದು ಬೂದಿಯಾಗುತ್ತದೆ. ಅಂಗಳದ ನೇರ ಬಿಸಿಲಿನಲ್ಲಿ ಅಂಗಾಲು ಹೊಳೆದು ಬಣ್ಣವೇ ತೊಳೆದುಹೋಗುತ್ತದೆ. ಬೆಳಿಗ್ಗೆ ಒಂಬತ್ತು ಹತ್ತರ ಹೊತ್ತು, ಜಗುಲಿಯ ನೆರಳು, ಹೊರಗಿನ ಬೆಳಕು, ಇದಕ್ಕಿಂತ ಒಳ್ಳೆಯದು ಸಿಗದು.

ಬರಿ 'ಕಪ್ಪು' ಎಂದು ಬರೆಯುವುದಕ್ಕೆ ಮೊದಲು ಎಷ್ಟು ಬಣ್ಣಗಳಿವೆ ಎಂದು ಎಣಿಸಬೇಕು. ದೂರದಿಂದ ದೊಡ್ಡಮ್ಮನ ಕಲೆ ಪೂರ್ತಿ ಕಪ್ಪು. ಹತ್ತಿರ ಕೂತು ನೋಡಿದರೆ ಹೆಚ್ಚಿನ ಭಾಗ ಕಾಫಿಪುಡಿಯ ಕಂದು. ಕರಗುವ ಬದಿಯಲ್ಲಿ ತಿಳಿ ಕಂದು, ಅವಳದೇ ಅಂಗೈ ಗೆರೆಗಳ ಬಣ್ಣಕ್ಕಿಂತ ತುಸು ಗಾಢ. 11 ಗಂಟೆಯ ಕಡೆ, ಅಂಚಿಗೆ ಹತ್ತಿ, ಎರಡು ಮಿಲಿಮೀಟರಿನಷ್ಟು ಜಾಗ ಮಾತ್ರ ನಿಜಕ್ಕೂ ಕಪ್ಪು. ಕೆಂಪು, ಬಿಳಿ, ನೀಲಿ, ಬೂದಿ ಇವೆಯೇ ಎಂದು ಹುಡುಕಿದೆ, ಕಾಣಲಿಲ್ಲ. 'ಕಾಣಲಿಲ್ಲ' ಎಂದೇ ಬರೆದೆ. 'ಇಲ್ಲ' ಎಂದು ಬರೆಯುವಷ್ಟು ನನ್ನ ಕಣ್ಣು ತೀಕ್ಷ್ಣವಲ್ಲ. ಬಣ್ಣವನ್ನು ಹೋಲಿಸುವುದು ಅದೇ ಮನುಷ್ಯರ ಚರ್ಮಕ್ಕೆ. ಒಬ್ಬರ ಅಂಗಾಲಿನ ಕಡು ಕಂದು ಇನ್ನೊಬ್ಬರ ಮೈಬಣ್ಣವೇ ಆಗಿರಬಹುದು. ಕಪ್ಪು ಚರ್ಮದವರ ಅಂಗಾಲಿನಲ್ಲಿ ಸಹಜವಾಗಿಯೇ ಹಲವು ಕಂದು ಮಚ್ಚೆಗಳಿರುವುದೂ ಉಂಟು. ಅದಕ್ಕೇ ಎಡಗಾಲನ್ನೂ ನೋಡಿ, 'ಎಡ ಅಂಗಾಲಿನಲ್ಲಿ ಇಂಥ ಕಲೆ ಕಾಣಲಿಲ್ಲ' ಎಂದು ಸೇರಿಸಿದೆ.

ಫೋಟೋ ಇದ್ದರೆ ಇಷ್ಟೆಲ್ಲ ಬರೆಯುವುದು ಯಾಕೆ ಎನ್ನಬಹುದು. ಫೋಟೋ ಬೇಕೇ ಬೇಕು. ಆದರೆ ಫೋನಿನ ಕ್ಯಾಮೆರಾ ಬಣ್ಣವನ್ನು ತನಗೆ ತೋಚಿದಂತೆ ತಿದ್ದುತ್ತದೆ. ಕೆಲವು ಫೋನುಗಳು ಚರ್ಮ ಕಂಡ ಕೂಡಲೇ ನಯ ಮಾಡಿಬಿಡುತ್ತವೆ, ಕಲೆಯ ಅಂಚು ಅಲ್ಲೇ ಅಳಿಸಿಹೋಗುತ್ತದೆ. ಮುಖ ಚೆಂದ ಮಾಡುವ ಆಯ್ಕೆಯನ್ನು ಮೊದಲು ಆಫ್ ಮಾಡಿ. ಫ್ಲಾಶ್ ಬೇಡ. ಮೊದಲ ಫೋಟೋದಲ್ಲಿ ಇಡೀ ಅಂಗಾಲು ಬರಲಿ, ಕಲೆ ಎಲ್ಲಿದೆ ಎಂದು ತಿಳಿಯಲು. ಎರಡನೆಯದು ಹತ್ತಿರದ್ದು. ತೀರಾ ಹತ್ತಿರ ಹಿಡಿದರೆ ಮಸುಕಾಗುತ್ತದೆ. ಒಂದು ಗೇಣು ದೂರ ಹಿಡಿದು, ಎರಡು ಪಟ್ಟು ಜೂಮ್ ಮಾಡಿ, ಪರದೆಯಲ್ಲಿ ಕಲೆಯ ಮೇಲೆ ಬೆರಳಿಟ್ಟು ಸ್ಪಷ್ಟವಾಗುವವರೆಗೆ ಕಾದರೆ ಸಾಕು. ಫೋನು ಓರೆಯಾದರೆ ದುಂಡಗಿನದು ಮೊಟ್ಟೆಯಾಕಾರ ತಾಳುತ್ತದೆ. ನೇರ ಹಿಡಿಯಬೇಕು. ಸ್ಕೇಲು ಕಲೆಯ ಪಕ್ಕದಲ್ಲೇ, ಅದೇ ಮಟ್ಟದಲ್ಲಿ ಇರಬೇಕು. ಪಕ್ಕದಲ್ಲಿ ಒಂದು ಬಿಳಿ ಕಾಗದದ ಚೂರು ಇಟ್ಟರೆ, ಕಾಗದ ಫೋಟೋದಲ್ಲಿ ಹಳದಿಯಾಗಿ ಕಂಡಾಗ ಕಲೆಯ ಬಣ್ಣವೂ ಅಷ್ಟೇ ಜಾರಿದೆ ಎಂದು ಡಾಕ್ಟರಿಗೆ ತಿಳಿಯುತ್ತದೆ. ವಾಟ್ಸಾಪಿನಲ್ಲಿ ಕಳಿಸುವುದಾದರೆ ಫೋಟೋ ಎಂದು ಕಳಿಸದೆ ಡಾಕ್ಯುಮೆಂಟ್ ಎಂದು ಕಳಿಸಿ, ಇಲ್ಲದಿದ್ದರೆ ಚಿತ್ರ ಕುಗ್ಗಿ ಸಣ್ಣ ವಿವರಗಳು ಹೋಗುತ್ತವೆ. ಮನೆಯ ಗುಂಪಿಗೆ ಮಾತ್ರ ಹಾಕಬೇಡಿ. ಅಲ್ಲಿ ಹತ್ತು ಜನ ಹತ್ತು ತೀರ್ಪು ಕೊಡುತ್ತಾರೆ, ಹನ್ನೊಂದನೆಯವರು ಔಷಧಿಯನ್ನೂ ಹೇಳುತ್ತಾರೆ.

ಎಲ್ಲಕ್ಕಿಂತ ಹೆಚ್ಚು ಹೊತ್ತು ಹಿಡಿದದ್ದು ಯಾವಾಗಿನಿಂದ ಇದೆ ಎಂಬ ಪ್ರಶ್ನೆ. "ದೊಡ್ಡದಾಗಿದೆಯಾ?" ಎಂದು ಕೇಳಬಾರದು. ವಯಸ್ಸಾದವರು ಕೇಳಿದವರ ಮುಖ ನೋಡಿ ಉತ್ತರ ಕೊಡುತ್ತಾರೆ. ಕೇಳುವವರು ಹೆದರಿದ್ದರೆ ಇಲ್ಲ ಎನ್ನುತ್ತಾರೆ, ಸುಮ್ಮನಿದ್ದರೆ ಹೌದೇನೋ ಎನ್ನುತ್ತಾರೆ. ತಿಂಗಳು ಇಸವಿ ಕೇಳಿದರೂ ಪ್ರಯೋಜನವಿಲ್ಲ. ನಾನು ಕೆಲಸ ಮತ್ತು ಹಬ್ಬ ಹಿಡಿದು ಕೇಳಿದೆ. "ಚೌತಿಯ ಹೊತ್ತಿಗೆ ನೋಡಿದ್ಯಾ? ಕೊನೆ ಕೊಯ್ಲು ಶುರುವಾದಾಗ? ಮೊಮ್ಮಗಳ ಮದುವೆಗೆ ಮದರಂಗಿ ಹಾಕಿಕೊಂಡಾಗ ಯಾರಾದ್ರೂ ಕಂಡಿದ್ರಾ?" ದೊಡ್ಡಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಹೇಳಿದಳು, "ನಾ ಅಂಗಾಲು ನೋಡಿಕೊಂಡವಳೇ ಅಲ್ಲ ಕೂಸೆ. ಬಗ್ಗಲೂ ಬರುವುದಿಲ್ಲ." ಅದೇ ಸರಿಯಾದ ಉತ್ತರ. ಕಾಗದದಲ್ಲಿ ಹೀಗೆ ಬರೆದೆ: 'ಮೊದಲು ಕಂಡವರು ಸೊಸೆ, ಈ ಫೆಬ್ರುವರಿಯಲ್ಲಿ. ಅದಕ್ಕೆ ಮುಂಚೆ ಇತ್ತೋ ಇಲ್ಲವೋ ತಿಳಿಯದು. ಬದಲಾಗಿದೆಯೇ ತಿಳಿಯದು. ಹಳೆಯ ಫೋಟೋ ಇಲ್ಲ.' ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಬರೆದರೆ ಡಾಕ್ಟರು ಆ ಜಾಗವನ್ನು ಖಾಲಿ ಎಂದೇ ಹಿಡಿಯುತ್ತಾರೆ. 'ಹುಟ್ಟಿನಿಂದ ಇದ್ದಿರಬೇಕು' ಎಂದು ತುಂಬಿದರೆ ಅವರ ಅನುಮಾನ ತಪ್ಪು ದಾರಿ ಹಿಡಿಯುತ್ತದೆ.

ಕೊನೆಗೆ ಕಾಗದ ಅರ್ಧ ಪುಟದ್ದಾಯಿತು.

'ವಯಸ್ಸು 68, ಹೆಂಗಸು, ಅಡಿಕೆ ತೋಟದ ಕೆಲಸ, ಹೆಚ್ಚಾಗಿ ಬರಿಗಾಲು. ಬಲ ಅಂಗಾಲು, ಹೆಬ್ಬೆರಳ ಬುಡದಿಂದ ಹಿಮ್ಮಡಿಯ ಕಡೆಗೆ ಎರಡು ಬೆರಳು ಕೆಳಗೆ, ಒಂದು ಕಲೆ. ಐದು ದಿನ ಸಾಬೂನಿನಲ್ಲಿ ತೊಳೆದರೆ ಹೋಗಲಿಲ್ಲ. ಸುಮಾರು 8 × 5 ಮಿ.ಮೀ., ಒಂದು ಮಿ.ಮೀ. ಆಚೀಚೆ. ಅಂಚು 6ರಿಂದ 1 ಗಂಟೆಯವರೆಗೆ ಸ್ಪಷ್ಟ, 1ರಿಂದ 4ರವರೆಗೆ ಕರಗುತ್ತದೆ, 5ರ ಬಳಿ ಸಣ್ಣ ಕಚ್ಚು. ಬಣ್ಣ ಮೂರು: ಹೆಚ್ಚಿನದು ಕಂದು, ಬಲಬದಿ ತಿಳಿ ಕಂದು, 11 ಗಂಟೆಗೆ 2 ಮಿ.ಮೀ. ಕಪ್ಪು. ಕೆಂಪು, ಬಿಳಿ, ನೀಲಿ, ಬೂದಿ ಕಾಣಲಿಲ್ಲ. ಎಡ ಅಂಗಾಲಿನಲ್ಲಿ ಇಂಥ ಕಲೆ ಕಾಣಲಿಲ್ಲ. ಉಬ್ಬಿಲ್ಲ, ಗಟ್ಟಿಯೂ ಇಲ್ಲ. ಚರ್ಮದ ಗೆರೆಗಳು ಮೇಲೆ ತುಂಡಾಗದೆ ಹಾದುಹೋಗುತ್ತವೆ. ನೋವು, ತುರಿಕೆ, ರಕ್ತ ಇಲ್ಲ ಎನ್ನುತ್ತಾರೆ. ಕಾಲಿಗೆ ತಿಕ್ಕುವ ಎಣ್ಣೆ ಬಿಟ್ಟರೆ ಮೇಲೆ ಏನೂ ಹಚ್ಚಿಲ್ಲ. ಸಕ್ಕರೆ ಕಾಯಿಲೆಗೆ ಮಾತ್ರೆ ಇದೆ, ಚೀಟಿ ಜೊತೆಗಿದೆ. ಮನೆಯಲ್ಲಿ ಯಾರಿಗೂ ಚರ್ಮದ ಕ್ಯಾನ್ಸರ್ ಆದದ್ದು ತಿಳಿದಿಲ್ಲ.' ಅದರ ಕೆಳಗೆ ಸೊಸೆ ಹೇಳಿದ 'ಮೊದಲು ಕಂಡದ್ದು' ವಿಷಯ, ಅಳೆದ ತಾರೀಖು, ಚಿತ್ರ.

'ಕ್ಯಾನ್ಸರ್' ಎಂಬ ಪದ ಒಂದೇ ಕಡೆ ಬಂತು, ಅದೂ ಮನೆತನದ ಪ್ರಶ್ನೆಯಲ್ಲಿ. ಆ ಮಾಹಿತಿ ಡಾಕ್ಟರಿಗೆ ಬೇಕಾದದ್ದು. ಭಯವನ್ನು ಬಚ್ಚಿಡಬೇಕು ಎಂದು ನಾನು ಹೇಳುತ್ತಿಲ್ಲ. ಸೊಸೆಗೆ ಭಯವಿತ್ತು, ಅವಳು ಅದನ್ನು ಡಾಕ್ಟರ ಎದುರು ಬಾಯಿಬಿಟ್ಟು ಹೇಳಿದಳು. "ನಮ್ಗೆ ಹೆದರಿಕೆ ಆಗ್ತಿದೆ ಡಾಕ್ಟ್ರೇ." ಅದು ಅವಳ ಮನಸ್ಸಿನ ವರ್ಣನೆ. ಕಲೆಯ ವರ್ಣನೆ ಕಾಗದದಲ್ಲಿತ್ತು. ಎರಡು ಬೇರೆ ಬೇರೆ ಇದ್ದದ್ದರಿಂದ ಅವರು ಎರಡಕ್ಕೂ ಬೇರೆಯಾಗಿ ಉತ್ತರ ಕೊಟ್ಟರು.

ಶಿರಸಿಯ ಡಾಕ್ಟರು ಕಾಗದ ಓದಿ, ತಾವೇ ಮತ್ತೊಮ್ಮೆ ಅಳೆದರು. 8 × 5 ಬಂತು. ಕಲೆಯ ಮೇಲೆ ಸ್ವಲ್ಪ ಜೆಲ್ ಹಚ್ಚಿ ಡರ್ಮೋಸ್ಕೋಪ್ ಇಟ್ಟರು. ದೀಪವಿರುವ, ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಕೈಯಲ್ಲಿ ಹಿಡಿಯುವ ಭೂತಗನ್ನಡಿ ಅದು. ಅಂಗಾಲಿನ ಚರ್ಮ ಉತ್ತ ಗದ್ದೆಯ ಹಾಗೆ ಏರು, ಸಾಲು, ಏರು, ಸಾಲು ಇರುತ್ತದೆ. ಬಣ್ಣ ಸಾಲಿನ ತಗ್ಗಿನಲ್ಲಿ ಗೆರೆಗೆರೆಯಾಗಿ ನಿಂತಿದ್ದರೆ ಅದು ಸಾದಾ ಮಚ್ಚೆಯ ಕಡೆಗೆ ವಾಲುತ್ತದೆ. ಏರಿನ ಮೇಲೆ ಪಟ್ಟಿಯಾಗಿ ಹರಡಿದ್ದರೆ ಎಚ್ಚರಿಕೆ ಬೇಕು. ನಾನು ಬರಿಗಣ್ಣಲ್ಲಿ ಎಷ್ಟು ಹೊತ್ತು ನೋಡಿದರೂ ಈ ವ್ಯತ್ಯಾಸ ಕಾಣುತ್ತಿರಲಿಲ್ಲ. ಡಾಕ್ಟರು ಹೆಚ್ಚಿನ ಭಾಗ ತಗ್ಗಿನ ಗೆರೆಗಳದ್ದೇ ಎಂದರು. 11 ಗಂಟೆಯ ಕಪ್ಪು ಚುಕ್ಕೆಯ ಮೇಲೆ ಕನ್ನಡಿ ಬಹಳ ಹೊತ್ತು ನಿಂತಿತು. "ಅಮ್ಮ, ಇಷ್ಟು ಜಾಗ ನನಗೆ ಸ್ಪಷ್ಟ ಆಗ್ತಿಲ್ಲ. ಅಳತೆಯೂ 7 ದಾಟಿದೆ. ಪೂರ್ತಿ ತೆಗೆದು ಪರೀಕ್ಷೆಗೆ ಕಳಿಸೋಣ" ಎಂದು ಹುಬ್ಬಳ್ಳಿಗೆ ಚೀಟಿ ಬರೆದುಕೊಟ್ಟರು.

ನಮ್ಮ ಜಿಲ್ಲೆಯವರಿಗೆ ಇದು ಹೊಸದಲ್ಲ. ಶಿರಸಿಯವರು ಹುಬ್ಬಳ್ಳಿಗೆ, ಭಟ್ಕಳ ಹೊನ್ನಾವರದವರು ಮಣಿಪಾಲಕ್ಕೆ, ಕಾರವಾರದವರು ಗೋವಾಕ್ಕೆ ಹೋಗುವುದು ನಡೆದೇ ಇದೆ. ಒಬ್ಬ ಡಾಕ್ಟರಿಂದ ಇನ್ನೊಬ್ಬರ ತನಕ ನೂರು ಕಿಲೋಮೀಟರ್, ನಡುವೆ ವಾರಗಳು. ಈ ದೂರದಲ್ಲಿ ಬಾಯಿಮಾತು ಬದಲಾಗುತ್ತದೆ. ಬಸ್ಸಿನಲ್ಲಿ ಜೊತೆಗೆ ಹೋಗುವವರು ಬೇರೆ, ಮೊದಲು ನೋಡಿದವರು ಬೇರೆ. ದೊಡ್ಡಮ್ಮನ ಜೊತೆ ಹೋದದ್ದು ಅಣ್ಣ. ಅವನು ಆ ಕಲೆಯನ್ನು ಸರಿಯಾಗಿ ನೋಡಿರಲೇ ಇಲ್ಲ. ಪ್ಲಾಸ್ಟಿಕ್ ಕವರಿನಲ್ಲಿದ್ದ ಕಾಗದವನ್ನು ಮೇಜಿನ ಮೇಲಿಟ್ಟನಂತೆ, ಅಷ್ಟೇ.

ಅಲ್ಲಿಯೂ ಅಳೆದರು. ಅಂಚಿನ ಸುತ್ತ ಸ್ವಲ್ಪ ಒಳ್ಳೆಯ ಚರ್ಮ ಸೇರಿಸಿ ಕಲೆಯನ್ನು ಪೂರ್ತಿ ತೆಗೆದರು. ಜಾಗ ಮರಗಟ್ಟಿಸಲು ಚುಚ್ಚುಮದ್ದು, ಮೇಲೆ ಹೊಲಿಗೆ. ಎರಡು ವಾರ ಹಿಮ್ಮಡಿ ಊರಿ ನಡೆಯಬೇಕಾಯಿತು. ತೋಟಕ್ಕೆ ಹೋಗದಂತೆ ಅವಳನ್ನು ತಡೆಯುವುದೇ ಕಷ್ಟವಾಯಿತು. ತೆಗೆದ ತುಂಡನ್ನು ಲ್ಯಾಬಿಗೆ ಕಳಿಸುವ ಫಾರಮ್ಮಿನಲ್ಲಿ ಜಾಗ, ಅಳತೆ, ಎಷ್ಟು ಕಾಲದಿಂದ ಇದೆ, ನೋಡಲು ಹೇಗಿತ್ತು ಎಂದು ತುಂಬಬೇಕಿತ್ತು. ಸೂಕ್ಷ್ಮದರ್ಶಕದಲ್ಲಿ ನೋಡುವ ವೈದ್ಯರು ರೋಗಿಯನ್ನು ನೋಡಿರುವುದಿಲ್ಲ, ಕಾಲನ್ನೂ ನೋಡಿರುವುದಿಲ್ಲ. ಕಪ್ಪು ಭಾಗ 11 ಗಂಟೆಗಿತ್ತು ಎಂದು ತಿಳಿದರೆ ಅವರು ಆ ಕಡೆಯಿಂದ ಹೆಚ್ಚು ಪದರ ಕತ್ತರಿಸಿ ನೋಡುತ್ತಾರೆ. ಅದಕ್ಕೇ ಹುಬ್ಬಳ್ಳಿಯ ಡಾಕ್ಟರು ತುಂಡಿನ 12 ಗಂಟೆಯ ತುದಿಗೆ ಒಂದು ದಾರ ಕಟ್ಟಿ ಕಳಿಸಿದರು.

ವರದಿ ಸಾದಾ ಮಚ್ಚೆ ಎಂದು ಬಂತು. ಕೆಟ್ಟ ಕೋಶಗಳು ಕಾಣಲಿಲ್ಲ. ಕಪ್ಪು ಭಾಗದಲ್ಲಿ ಬಣ್ಣದ ಕಣಗಳು ದಟ್ಟವಾಗಿ ಸೇರಿದ್ದವಂತೆ. "ನಾ ಮೊದಲೇ ಹೇಳಿದ್ದೆ, ಎಂತದೂ ಅಲ್ಲ ಅಂತ" ಎಂದಳು ದೊಡ್ಡಮ್ಮ. ವರದಿ ಬರುವ ಮೊದಲು ಅದನ್ನು ಹೇಳುವ ದಾರಿ ಅವಳಿಗೂ ಇರಲಿಲ್ಲ, ನನಗೂ ಇರಲಿಲ್ಲ, ಶಿರಸಿಯ ಡಾಕ್ಟರಿಗೂ ಇರಲಿಲ್ಲ. ವರದಿ ಬೇರೆ ಬಂದಿದ್ದರೂ ಆ ಕಾಗದದಲ್ಲಿ ಒಂದು ಅಕ್ಷರ ತಿದ್ದಬೇಕಾಗುತ್ತಿರಲಿಲ್ಲ.

ಹೊಲಿಗೆ ಬಿಚ್ಚುವ ದಿನ ಡಾಕ್ಟರು ಎರಡೂ ಕಾಲಿನ ಉಗುರು ನೋಡಿದ್ದಾರೆ. ಎಡ ಹೆಬ್ಬೆರಳಿನಲ್ಲಿ ಒಂದು ಉದ್ದ ಕಂದು ಗೆರೆ ಇದೆ. ನಮ್ಮ ಮೈಬಣ್ಣದವರಲ್ಲಿ ಇದು ಸಾಮಾನ್ಯ, ಆದರೂ ಆರು ತಿಂಗಳಿಗೊಮ್ಮೆ ಫೋಟೋ ತೆಗೆದಿಡಿ ಎಂದಿದ್ದಾರೆ. ಸೊಸೆ ತಾನೇ ಸ್ಕೇಲು ಹಿಡಿದು ಬರೆದಿದ್ದಾಳೆ: 'ಅಗಲ 1 ಮಿ.ಮೀ. ಬುಡದಿಂದ ತುದಿಯವರೆಗೆ ಒಂದೇ ಅಗಲ. ಬಣ್ಣ ಒಂದೇ, ತಿಳಿ ಕಂದು. ಉಗುರಿನ ಬುಡದ ಚರ್ಮಕ್ಕೆ ಬಣ್ಣ ಹಬ್ಬಿದ್ದು ಕಾಣಲಿಲ್ಲ.'